ಯಲ್ಲೇಶನ ದಾರಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದೆ ಒಂದು ಹೈಸ್ಕೂಲು ಇತ್ತು. ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಯಾವ ಪಾಠವೂ ಸೀನದೆ ಮುಗಿಯುತ್ತಿರಲಿಲ್ಲ. ಅದಕ್ಕೇ ಗಣಿತದ ಶಿಕ್ಷಕಿ ಮಹಮೂದಾಬೇಗಂ ಹತ್ತನೆಯ ತರಗತಿಯ ವರ್ಗ ಸಮೀಕರಣಗಳನ್ನು ದಸರೆ ರಜೆ ಮುಗಿದ ಕೂಡಲೇ, ಘಾಟು ಏಳುವ ಮುಂಚೆ, ಹಿಡಿದುಕೊಳ್ಳುತ್ತಿದ್ದರು. ಮೂಗಿನಲ್ಲಿ ಮೆಣಸಿನಪುಡಿ ಇಟ್ಟುಕೊಂಡು ಮಧ್ಯಪದ ಒಡೆಯುವುದು ಕಷ್ಟ ಎಂಬುದು ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರಿಗೆ ಗೊತ್ತಾಗಿತ್ತು.

ಅವರದೊಂದು ಪದ್ಧತಿಯಿತ್ತು. ಮೊದಲ ದಿನ ಅಪವರ್ತನ ಎಂಬ ಶಬ್ದವನ್ನೇ ಎತ್ತುತ್ತಿರಲಿಲ್ಲ. (x + 3) ಅನ್ನು (x + 4) ರಿಂದ ಗುಣಿಸಿರಿ ಎನ್ನುತ್ತಿದ್ದರು. x² + 7x + 12 ಬರುತ್ತಿತ್ತು. ಏಳು ಎಲ್ಲಿಂದ ಬಂತು, ಹನ್ನೆರಡು ಎಲ್ಲಿಂದ ಬಂತು ಎಂದು ಮಕ್ಕಳೇ ಹೇಳುವವರೆಗೆ ಇಂಥವೇ ಹತ್ತು ಲೆಕ್ಕ. ಮರುದಿನ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು: ಗುಣಿಸಿದರೆ ಹನ್ನೆರಡು, ಕೂಡಿಸಿದರೆ ಏಳು, ಆ ಎರಡು ಸಂಖ್ಯೆ ಯಾವುವು? ಮೂರನೆಯ ದಿನ ನಡುವಿನ ಚಿಹ್ನೆ ಮಾತ್ರ ಬದಲು, x² − 7x + 12. ನಾಲ್ಕನೆಯ ದಿನ ಕೊನೆಯ ಚಿಹ್ನೆಯೂ ಬದಲು, x² − x − 12. ಆಮೇಲೆ ಒಂದೊಂದು ಪದವೇ ಕಾಣೆಯಾದ x² − 49, x² − 7x. ಇಷ್ಟಾದ ಮೇಲೆಯೇ x² ದ ಮುಂದೆ ಒಂದು ಸಂಖ್ಯೆ ಬಂದು ಕೂಡುವ 2x² + 7x + 3. ಕಟ್ಟಕಡೆಗೆ, ಬಲಗಡೆ ಸೊನ್ನೆಯೇ ಇಲ್ಲದ x(x − 3) = 10 ಥರದ ಕಳ್ಳ ಲೆಕ್ಕಗಳು.

"ಒಂದು ದಿನಕ್ಕ ಒಂದ ಹೊಸಾದು," ಎನ್ನುತ್ತಿದ್ದರು ಅವರು. "ಎರಡು ಹೊಸಾವು ಒಮ್ಮೆಲೇ ಬಂದ್ರ ಯಾವುದ್ರಾಗ ತಪ್ಪಿದ್ವಿ ಅಂತ ನಿಮಗೂ ತಿಳಿಯಂಗಿಲ್ಲ, ನನಗೂ ತಿಳಿಯಂಗಿಲ್ಲ."

ಪದ್ಧತಿಯ ಇನ್ನೊಂದು ಭಾಗ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿತ್ತು. ಅದರಲ್ಲಿ ಸರಿಯುತ್ತರಗಳಿರಲಿಲ್ಲ, ತಪ್ಪುಗಳಿದ್ದವು. ಯಾವುದಾದರೂ ತಪ್ಪನ್ನು ತರಗತಿಯಲ್ಲಿ ಮೊದಲ ಸಲ ಯಾರು ಮಾಡಿದರೋ ಅವರ ಹೆಸರೇ ಆ ತಪ್ಪಿಗೆ. ಹಾಳೆಯ ಮುಂಬದಿಯಲ್ಲಿ ಮೇಲ್ಗಡೆ ಆ ಹೆಸರು ಹಾಕಿ, ಹುಡುಗ ಬರೆದದ್ದನ್ನು ಹಾಗೆಯೇ ನೀಲಿ ಶಾಯಿಯಲ್ಲಿ ಇಳಿಸಿ, ಎಡವಿದ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದರು. ಹಿಂಬದಿಯಲ್ಲಿ, ಆ ಹುಡುಗ ಏನು ಯೋಚಿಸಿ ಹಾಗೆ ಬರೆದ, ಅವನನ್ನು ಯಾವ ಹಳೆಯ ಲೆಕ್ಕಕ್ಕೆ ವಾಪಸ್ ಕಳಿಸಬೇಕು, ಸರಿ ಯಾವುದು ಎಂಬ ಟಿಪ್ಪಣಿ.

ಆ ವರ್ಷದ, ಅಂದರೆ ಎರಡು ಸಾವಿರದ ಆರನೆಯ ಇಸವಿಯ, ದೊಡ್ಡ ತಪ್ಪು ಮೋಟೆಬೆನ್ನೂರಿನಿಂದ ಬಸ್ಸಿಗೆ ಬರುವ ಯಲ್ಲೇಶನದು. x² = 7x ಬಿಡಿಸು ಎಂದರೆ ಅವನು ಎರಡೂ ಕಡೆ x ನಿಂದ ಭಾಗಿಸಿ, x = 7 ಎಂದು ಬರೆದು, ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ.

"ಸೊನ್ನೆ ಹಾಕಿ ನೋಡು," ಎಂದರು ಬೇಗಂ.

ಯಲ್ಲೇಶ ಹಾಕಿದ. ಎಡಕ್ಕೂ ಸೊನ್ನೆ, ಬಲಕ್ಕೂ ಸೊನ್ನೆ.

"ಅದೂ ಹೊಂದ್ತೈತಿ, ಅಕ್ಕೋರ."

"ಮತ್ತ ಅದು ಎಲ್ಲಿ ಹೋತು?"

ಅವನು ತಾನು ಬರೆದದ್ದನ್ನು ಮೊದಲಿನಿಂದ ಮತ್ತೊಮ್ಮೆ ಓದಿದ. "ಭಾಗಿಸಿದಾಗ ನಾನ ನುಂಗಿಬಿಟ್ಟೇನಿ ಅನಸ್ತೈತ್ರಿ," ಎಂದ.

ತರಗತಿ ನಕ್ಕಿತು. ಅಂದಿನಿಂದ ಯಾರು x ನಿಂದ ಭಾಗಿಸಿದರೂ ಅದು 'ಯಲ್ಲೇಶನ ದಾರಿ' ಆಯಿತು. ಅದೇ ತರಗತಿಯ ಗುತ್ತೆವ್ವನ ತಪ್ಪು ಬೇರೆ. ಅವಳ ತಾಯಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮಗಳು ಲೆಕ್ಕದಲ್ಲಿ ಚುರುಕು, ಆದರೆ 2x² + 7x + 3 ರಲ್ಲಿ ಮುಂದಿನ ಎರಡನ್ನು ಮರೆತು, ಗುಣಿಸಿದರೆ ಮೂರು, ಕೂಡಿಸಿದರೆ ಏಳು ಆಗುವ ಪೂರ್ಣಾಂಕಗಳನ್ನು ಹುಡುಕಿ, ಸಿಗದೆ, 'ಅಪವರ್ತನ ಆಗುವುದಿಲ್ಲ' ಎಂದು ಬರೆದಿದ್ದಳು. ಎರಡನ್ನೂ ಮೂರನ್ನೂ ಗುಣಿಸಿ ಆರು ಮಾಡಿಕೊಂಡಿದ್ದರೆ ಆರು ಮತ್ತು ಒಂದು ಸಿಗುತ್ತಿದ್ದವು. ಏಳನ್ನು ಹಾಗೆ ಒಡೆದರೆ (x + 3)(2x + 1). ಇದು 'ಗುತ್ತೆವ್ವನ ದಾರಿ'. ನಾಗರತ್ನಾ ಎಂಬ ಹುಡುಗಿ x(x − 3) = 10 ನೋಡಿ, x = 10 ಅಥವಾ x − 3 = 10 ಎಂದು ಬರೆದಳು. ಗುಣಲಬ್ಧ ಸೊನ್ನೆಯಾದಾಗ ಮಾತ್ರ ಎರಡರಲ್ಲೊಂದು ಸೊನ್ನೆ ಎನ್ನಬಹುದು, ಹತ್ತಕ್ಕೆ ಆ ಮರ್ಯಾದೆ ಇಲ್ಲ ಎಂದು ಹೇಳಿ, ಅದನ್ನೂ ಹೆಸರು ಸಮೇತ ನೋಟ್‌ಬುಕ್ಕಿಗೆ ಸೇರಿಸಲಾಯಿತು. ಯಾರಿಗೂ ಬೇಸರವಿರಲಿಲ್ಲ. ಹೆಸರು ಸೇರದವರಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು.

ನವೆಂಬರಿನಲ್ಲಿ ಹಾವೇರಿಯಿಂದ ಕರೆ ಬಂತು. ಅಲ್ಲಿ 'ಫಲಿತಾಂಶ ಉನ್ನತೀಕರಣ ಕೋಶ' ಎಂಬುದೊಂದು ಹೊಸದಾಗಿ ಹುಟ್ಟಿತ್ತು. ಗಣಿತ ಶಿಕ್ಷಕರಿಗೆ ಎರಡು ದಿನದ ಕಾರ್ಯಾಗಾರ, ಊಟ ಇದೆ, ಸಂಪನ್ಮೂಲ ವ್ಯಕ್ತಿ ವಿಜಯಮಹಾಂತೇಶ.

ವಿಜಯಮಹಾಂತೇಶರೂ ಗಣಿತದ ಶಿಕ್ಷಕರೇ. ಆದರೆ ಆರು ವರ್ಷದಿಂದ ಒಂದಲ್ಲ ಒಂದು ಕಾರ್ಯಾಗಾರದ ಮೇಲೆ ಓಓಡಿಯಲ್ಲಿ, ಅಂದರೆ ಶಾಲೆಯಿಂದ ಹೊರಗಿನ ಕರ್ತವ್ಯದಲ್ಲಿ, ಇದ್ದುದರಿಂದ ಮಕ್ಕಳ ಸಂಪರ್ಕ ಕಡಿದುಹೋಗಿತ್ತು. ಪಾಠ ಮಾಡುವುದು ಹೇಗೆಂದು ಪಾಠ ಮಾಡುವವರಿಗೆ ಹೇಳುವುದರಲ್ಲಿ ಅವರಿಗೆ ಪಾಠ ಮಾಡಲು ಸಮಯ ಸಿಕ್ಕಿರಲಿಲ್ಲ. ಅವರು ಪ್ರೊಜೆಕ್ಟರ್ ಹಚ್ಚಿ, ಮೊದಲ ಹಾಳೆಯಲ್ಲೇ 6x² − 7x − 3 = 0 ತೋರಿಸಿದರು.

"ಕಠಿಣವಾದದ್ದರಿಂದಲೇ ಆರಂಭಿಸಬೇಕು," ಎಂದರು ಶುದ್ಧ ಗ್ರಾಂಥಿಕದಲ್ಲಿ. "ಕಠಿಣವಾದದ್ದು ಬಂದರೆ ಸರಳವಾದದ್ದು ತಾನಾಗಿಯೇ ಬರುತ್ತದೆ."

"ಖರೇ," ಎಂದರು ಹಿಂದಿನ ಬೆಂಚಿನಿಂದ ಕುಪ್ಪೇಲೂರು ಕಡೆಯ ಶಾಲೆಯೊಂದರ ಕಾಸೀಮಸಾಬ ಮಾಸ್ತರು. "ನಮ್ಮ ಮೊಮ್ಮಗ ಮೊದಲ ಓಡಿದ, ಆಮ್ಯಾಲೆ ಅಂಬೆಗಾಲಿಟ್ಟ."

ನಗು ಎದ್ದಿತು. ವಿಜಯಮಹಾಂತೇಶರು ಅದನ್ನು ಒಪ್ಪಿಗೆಯೆಂದು ತಿಳಿದು ಹಾಳೆ ಬದಲಿಸಿದರು.

ಚಹಾ ಕುಡಿಯುವಾಗ ಮಹಮೂದಾಬೇಗಂ ತಮ್ಮ ನೋಟ್‌ಬುಕ್ಕನ್ನು ಕಾಸೀಮಸಾಬರಿಗೆ ತೋರಿಸಲೆಂದು ಹೊರತೆಗೆದರು. ಅವರು ಅದನ್ನು ತೆರೆಯುವ ಮೊದಲೇ ವಿಜಯಮಹಾಂತೇಶರು ಬಂದು ನಿಂತು, ಎರಡು ಪುಟ ತಿರುವಿ, ಮೂರನೆಯದಕ್ಕೆ ಗಂಭೀರರಾದರು.

"ಇದು ಬಹಳ ಒಳ್ಳೆಯ ಸಂಗ್ರಹ, ಮೇಡಂ. ಎರಡು ದಿವಸ ನನ್ನ ಬಳಿ ಇರಲಿ. ಝೆರಾಕ್ಸ್ ಮಾಡಿಸಿ ಕೊಡುತ್ತೇನೆ."

"ಹಿಂದಿನ ಪುಟಾನೂ ನೋಡ್ರಿ ಸರ. ಮುಖ್ಯ ಅದರಾಗ ಐತಿ."

"ಅವಶ್ಯವಾಗಿ," ಎಂದು ಅವರು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

ಎರಡು ದಿವಸದ್ದು ಐದು ವಾರವಾಯಿತು. ಕಡೆಗೊಮ್ಮೆ ಅದು ಯಾರದೋ ಕೈಯಲ್ಲಿ ವಾಪಸ್ ಬಂತು. ಜತೆಗೆ ಚೀಟಿಯಿಲ್ಲ, ಧನ್ಯವಾದವಿಲ್ಲ. ಹಾಳೆ ಹರಿದಿರಲಿಲ್ಲ ಎಂಬಷ್ಟಕ್ಕೇ ಬೇಗಂ ಸಮಾಧಾನಪಟ್ಟರು.

ನಡುವೆ ಏನಾಗಿತ್ತೆಂದರೆ, ಕೋಶ ಒಂದು ಪುಸ್ತಿಕೆ ತಂದಿತ್ತು. 'ಗೆಲುವಿನ ಮೆಟ್ಟಿಲು: ವರ್ಗ ಸಮೀಕರಣ, ನಲವತ್ತು ಮಾದರಿ ಉತ್ತರಗಳು. ರಚನೆ: ವಿಜಯಮಹಾಂತೇಶ.' ರಾಣೆಬೆನ್ನೂರಿನಲ್ಲಿ ಅಚ್ಚಾಗಿ, ಹಿಂದಿನ ವರ್ಷ ಫಲಿತಾಂಶ ಕಡಿಮೆ ಬಂದ ಮೂವತ್ತೆಂಟು ಶಾಲೆಗಳಿಗೆ ಗಂಟು ಕಟ್ಟಿ ಹೋಗಿತ್ತು. ಬೇಗಂ ಅವರ ಶಾಲೆಯ ಫಲಿತಾಂಶ ಸುಮಾರಾಗಿ ಚೆನ್ನಾಗಿಯೇ ಇದ್ದುದರಿಂದ ಅಲ್ಲಿಗೆ ಅದರ ಅಗತ್ಯವಿಲ್ಲವೆಂದು ಕೋಶ ತೀರ್ಮಾನಿಸಿತು. ಹೀಗಾಗಿ ಅದನ್ನು ನೋಡಿದರೆ ಗುರುತು ಹಿಡಿಯಬಲ್ಲ ಒಬ್ಬರೇ ಒಬ್ಬರಿಗೆ ಅದು ಕಾಣಲಿಲ್ಲ.

ಝೆರಾಕ್ಸ್ ಮಾಡಿಸಿದವರು ಹಾಳೆಯ ಮುಂಬದಿಯನ್ನು ಮಾತ್ರ ಮಾಡಿಸಿದ್ದರು. ಝೆರಾಕ್ಸಿನಲ್ಲಿ ಕೆಂಪು ಗೆರೆ ಕಪ್ಪಾಗಿ ಬಂತು. ಅಚ್ಚಿಗೆ ಅಕ್ಷರ ಜೋಡಿಸುವವರು ಅಡಿಗೆರೆಯಿದ್ದ ಸಾಲುಗಳನ್ನು ಮಹತ್ವದ್ದೆಂದು ತಿಳಿದು ದಪ್ಪಕ್ಷರದಲ್ಲಿ ಕೂಡಿಸಿದರು. ಲೆಕ್ಕಗಳ ಕ್ರಮವನ್ನು ವಿಜಯಮಹಾಂತೇಶರೇ ಖುದ್ದಾಗಿ ತಿರುಗಿಸಿ, ಕೊನೆಯದನ್ನು ಮೊದಲಿಗೆ ಇಟ್ಟಿದ್ದರು. ಸಾಲುಗಳನ್ನು ಓದಿ ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅದೇ ತಿಂಗಳು 'ಓದುವ ಹವ್ಯಾಸ' ಎಂಬ ವಿಷಯದ ಮೇಲೂ ಅವರ ಕಾರ್ಯಾಗಾರವಿತ್ತು.

ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದು, ಉತ್ತರಪತ್ರಿಕೆಗಳನ್ನು ತಿದ್ದಲು ಗಣಿತದವರೆಲ್ಲ ರಾಣೆಬೆನ್ನೂರಿನಲ್ಲಿ ಕೂಡಿದರು. ತಮ್ಮ ಶಾಲೆಯದನ್ನು ತಾವು ತಿದ್ದುವಂತಿರಲಿಲ್ಲ. ಬೇಗಂ ಅವರಿಗೆ ಬಂದ ಮೊದಲ ಪತ್ರಿಕೆಯ ಎಂಟನೆಯ ಉತ್ತರ ಹೀಗಿತ್ತು:

'ಯಲ್ಲೇಶನ ದಾರಿಯ ಪ್ರಕಾರ, x = 7.'

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಶಾಲೆಯ ಪತ್ರಿಕೆಯೇ ತಪ್ಪಿ ಬಂದಿರಬೇಕೆಂದು ಶಾಲೆಯ ಸಂಖ್ಯೆ ನೋಡಿದರು. ಬೇರೆ ಊರಿನದು. ಎರಡನೆಯ ಪತ್ರಿಕೆಯಲ್ಲೂ ಯಲ್ಲೇಶನಿದ್ದ. ಮೂರನೆಯದರಲ್ಲಿ, 'ಗುತ್ತೆವ್ವನ ದಾರಿಯ ಪ್ರಕಾರ 2x² + 7x + 3 ಅಪವರ್ತನ ಆಗುವುದಿಲ್ಲ. ಇದನ್ನು ಸಾಧಿಸಿದಂತಾಯಿತು.' ಒಂಬತ್ತನೆಯದರಲ್ಲಿ ಒಬ್ಬ ಹುಡುಗ ಪೈಥಾಗೊರಸನ ಪಕ್ಕದಲ್ಲೇ ನಾಗರತ್ನಾಳನ್ನು ಕೂಡಿಸಿದ್ದ.

ಪಕ್ಕದ ಕುರ್ಚಿಯಲ್ಲಿದ್ದ ಕಾಸೀಮಸಾಬರು ಇವರ ಕಡೆಗೆ ಬಾಗಿದರು. "ಮೇಡಮ್ಮಾರ, ಈ ಯಲ್ಲೇಶ ಯಾರ್ರಿ? ಗ್ರೀಕ್ ದೇಶದಾಂವೇನು? ನಾ ಬಿಎಸ್ಸಿ ಒಳಗ ಓದಿದ್ದು ನೆನಪಿಲ್ಲ."

"ಮೋಟೆಬೆನ್ನೂರಾಂವ," ಎಂದರು ಬೇಗಂ. "ನನ್ನ ಕ್ಲಾಸಿನಾಗ ಎರಡನೇ ಬೆಂಚು."

ಕಾಸೀಮಸಾಬರು ತಮ್ಮ ಚೀಲದಿಂದ ಪುಸ್ತಿಕೆಯನ್ನು ತೆಗೆದು ಮುಂದಿಟ್ಟರು. ಅವರ ಶಾಲೆಗೆ ಬಂದಿದ್ದ ಗಂಟಿನದು. ಬೇಗಂ ಪುಟ ತಿರುವಿದರು. ನಲವತ್ತು ಪುಟ, ನಲವತ್ತು ತಪ್ಪು, ಎಡವಿದ ಜಾಗವೆಲ್ಲ ದಪ್ಪಕ್ಷರದಲ್ಲಿ. ತಮ್ಮ ಮಕ್ಕಳ ಮುಗ್ಗರಿಕೆಗಳನ್ನು ಹೀಗೆ ಸಾಲಾಗಿ ಅಚ್ಚಿನಲ್ಲಿ ನೋಡಿ ಅವರು ಕಾಸೀಮಸಾಬರ ಕಡೆ ತಿರುಗಿದರು.

"ನೀವು ಇದನ್ನ ಮಕ್ಕಳಿಗೆ ಕಲಿಸಿದ್ರೇನ್ರಿ?"

"ನಾ ಕಲಿಸ್ಲಿಲ್ರಿ. ಹಂಚಿದೆ. ಮಕ್ಕಳು ಬಾಯಿಪಾಠ ಮಾಡಿದ್ರು. ನಾಕು ಪುಟ ನೋಡಿ ನನಗ ಸಂಶಯ ಬಂತು. ಆದ್ರ ಮ್ಯಾಲೆ ಕೋಶದ ಮುದ್ರಿ ಇತ್ತು. ಮುದ್ರಿ ಇದ್ದದ್ದಕ್ಕ ಸಂಶಯ ಪಡಬಾರ್ದು ಅಂತ ಸುಮ್ಕ ಆದೆ." ಅವರು ದನಿ ತಗ್ಗಿಸಿದರು. "ಕೀ ಉತ್ತರಾನೂ ಏಳ ಐತಿ, ನೋಡ್ರಿ. ಸೊನ್ನೆ ಮತ್ತ ಏಳು ಅಂತ ಬರದವ್ರು ಅದಾರ, ಅವ್ರಿಗೆ ಸೊನ್ನೆ ಕೊಡಾಕತ್ತೇನಿ."

ವರ್ಗ ಸಮೀಕರಣದ ಹೆಚ್ಚಿನ ಪ್ರಶ್ನೆಗಳನ್ನೂ ಅವುಗಳ ಕೀ ಉತ್ತರವನ್ನೂ ಪುಸ್ತಿಕೆಯಿಂದಲೇ ಎತ್ತಲಾಗಿತ್ತು. ಪುಸ್ತಿಕೆ ಓದಿದವರು ಗೆಲ್ಲಲಿ ಎಂಬ ಸದುದ್ದೇಶ. ಸರಿಯಾಗಿ ಬರೆದವರಿಗೆ ಅಂಕ ಹೋಗುತ್ತಿತ್ತು. ಅವರಲ್ಲಿ ಹೆಚ್ಚಿನವರು ಬೇಗಂ ಅವರ ಶಾಲೆಯವರೇ ಎಂದು ಯಾರೂ ಹೇಳಬೇಕಿರಲಿಲ್ಲ.

ಬೇಗಂ ಮೇಲ್ವಿಚಾರಕರ ಮೇಜಿಗೆ ಹೋಗಿ, ಎದುರಿಗೇ x ನ ಜಾಗಕ್ಕೆ ಸೊನ್ನೆ ಹಾಕಿ ತೋರಿಸಿದರು. ಅವರು ನೋಡಿದರು, ಒಪ್ಪಿದರು, ಬೆವರಿದರು. "ನೀವು ಹೇಳೂದು ಸರಿ ಐತ್ರಿ ಮೇಡಂ. ಆದ್ರ ಕೀ ಬದಲಿ ಮಾಡೂ ಅಧಿಕಾರ ನನಗಿಲ್ಲ. ಹಾವೇರಿಗೆ ಫೋನ್ ಮಾಡಬೇಕು."

ಬೇಗಂ ವಾಪಸ್ ಬಂದು ಕೂತು, ಸಿಟ್ಟಿನಲ್ಲಿ ಮಾಡಬಹುದಾದ ಏಕೈಕ ಉಪಯುಕ್ತ ಕೆಲಸ ಮಾಡಿದರು. ತಮ್ಮ ಪಾಲಿನ ಪತ್ರಿಕೆಗಳಲ್ಲಿ ಯಾವ ಲೆಕ್ಕದಲ್ಲಿ ಯಾರು ಎಲ್ಲಿ ಎಡವಿದ್ದಾರೆಂದು ಗೆರೆ ಎಳೆದು ಎಣಿಸಿದರು. ನೂರಿಪ್ಪತ್ತು ಪತ್ರಿಕೆಗಳಲ್ಲಿ ಎಂಬತ್ತಾರು ಯಲ್ಲೇಶರು, ಎಪ್ಪತ್ತು ಗುತ್ತೆವ್ವರು. ಇನ್ನೊಂದು ಸಂಗತಿಯೂ ಕಂಡಿತು. ಪುಸ್ತಿಕೆಯಲ್ಲಿಲ್ಲದ ಸುಲಭದ ಲೆಕ್ಕ x² + 9x + 20 ಅನ್ನು ಹೆಚ್ಚಿನವರು ಸರಿಯಾಗಿ ಮಾಡಿದ್ದರು. ಅಂದರೆ ಈ ಮಕ್ಕಳಿಗೆ ಮೊದಲ ಮೆಟ್ಟಿಲು ಗೊತ್ತಿತ್ತು. ಮೇಲಿನ ಮೆಟ್ಟಿಲುಗಳನ್ನು ಮಾತ್ರ ಕೋಶ ಕಿತ್ತು ಕೈಗೆ ಕೊಟ್ಟಿತ್ತು.

ಮೂರನೆಯ ದಿನಕ್ಕೆ ಹಾವೇರಿಯಿಂದ ನೋಟಿಸು ಬಂತು. ವಿಜಯಮಹಾಂತೇಶರಿಗಲ್ಲ, ಮಹಮೂದಾಬೇಗಂ ಅವರಿಗೆ. ಪುಸ್ತಿಕೆಯ ಕೊನೆಯ ಪುಟದಲ್ಲಿ, ಮುದ್ರಕರ ವಿಳಾಸಕ್ಕಿಂತ ಸಣ್ಣ ಅಕ್ಷರದಲ್ಲಿ, 'ನೆರವು: ಮಹಮೂದಾಬೇಗಂ, ಬ್ಯಾಡಗಿ' ಎಂದಿತ್ತಂತೆ. ಜನವರಿಯಲ್ಲಿ ಯಾರಿಗೂ ಕಾಣದಿದ್ದ ಆ ಸಾಲು ಫೆಬ್ರುವರಿಯಲ್ಲಿ ಎಲ್ಲರಿಗೂ ಕಾಣತೊಡಗಿತು.

ಮುಖ್ಯೋಪಾಧ್ಯಾಯ ನಾಗಪ್ಪನವರು ನೋಟಿಸನ್ನು ಎರಡು ಸಲ ಓದಿದರು. "ಚಿಂತಿ ಮಾಡಬ್ಯಾಡ್ರಿ, ಮೇಡಂ. ನಿಮ್ಮ ನೋಟ್‌ಬುಕ್ ತಗೊಂಡು ಹೋಗ್ರಿ. ಹಿಂದಿನ ಪುಟ ತೋರಿಸ್ರಿ. ಅವ್ರಿಗೆ ಹಾಳಿಗೆ ಎರಡು ಮುಖ ಇರ್ತಾವ ಅನ್ನೂದ ಗೊತ್ತಿಲ್ಲ."

ಹಾವೇರಿಯ ಕೋಶದಲ್ಲಿ ಉದ್ದ ಮೇಜಿನ ತುದಿಗೆ ಮುಖ್ಯಸ್ಥೆ ಶೈಲಾ ಕೂತಿದ್ದರು. ಅವರ ಬಲಕ್ಕೆ ವಿಜಯಮಹಾಂತೇಶ. ಮೇಜಿನ ಮೇಲೆ ಪುಸ್ತಿಕೆ.

"ಮೂಲ ಹಸ್ತಪ್ರತಿ ಮೇಡಂ ಅವರದು," ಎಂದರು ವಿಜಯಮಹಾಂತೇಶ. "ನಾನು ಸಂಪಾದನೆ ಮಾತ್ರ."

"ಮ್ಯಾಲೆ ರಚನೆ ಅಂತ ಐತಿ," ಎಂದರು ಬೇಗಂ.

"ಅದು ಸಾಂಪ್ರದಾಯಿಕ ಪದ."

ಶೈಲಾ ನೋಟ್‌ಬುಕ್ಕನ್ನು ತೆರೆದರು. "ನಲವತ್ತು ತಪ್ಪು ಉತ್ತರಗಳನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದೀರಿ. ಯಾಕೆ? ಸರಿಯುತ್ತರ ಬರೆದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ."

"ಸರಿ ಉತ್ತರ ಎಲ್ಲಾರದೂ ಒಂದ ಥರ ಇರ್ತೈತ್ರಿ. ಅದನ್ನ ನೋಡಿದ್ರ ಹುಡುಗನ ತಲ್ಯಾಗ ಏನೈತಿ ಅನ್ನೂದು ಗೊತ್ತಾಗಂಗಿಲ್ಲ. ತಪ್ಪು ಒಬ್ಬೊಬ್ಬರದು ಒಂದೊಂದು ಥರ. ಆ ಪುಟ ತಿರುವಿ ನೋಡ್ರಿ."

ಶೈಲಾ ತಿರುವಿದರು. ಹಿಂಬದಿಯಲ್ಲಿ ಬೇಗಂ ಬರೆದಿದ್ದರು: 'ಯಲ್ಲೇಶ: x ಒಂದು ಸಂಖ್ಯೆ, ಸಂಖ್ಯೆಯಿಂದ ಭಾಗಿಸಬಹುದು ಎಂದುಕೊಂಡ. x ಸೊನ್ನೆಯೂ ಆಗಬಹುದು, ಸೊನ್ನೆಯಿಂದ ಭಾಗಿಸುವಂತಿಲ್ಲ ಎಂಬುದನ್ನು ಮರೆತ. ಎಲ್ಲವನ್ನೂ ಎಡಕ್ಕೆ ತಂದು x² − 7x = 0, x(x − 7) = 0 ಮಾಡಿಸಬೇಕು. ಆಗ x = 0 ಅಥವಾ x = 7.' ಶೈಲಾ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ವಿಜಯಮಹಾಂತೇಶರ ಕಡೆ ತಿರುಗಿದರು.

"ಈ ಬದಿ ಅಚ್ಚಾಗಲಿಲ್ಲವೇ?"

"ಪುಟಗಳ ಮಿತಿಯಿತ್ತು," ಎಂದರು ವಿಜಯಮಹಾಂತೇಶ.

ಶೈಲಾ ಅಧಿಕಾರಿ, ಮೂರ್ಖರಲ್ಲ. ಅವರಿಗೆ ಗಣಿತ ತಿಳಿಯಿತು. ಗಣಿತಕ್ಕಿಂತ ಬೇಗ ಅದರ ಪರಿಣಾಮ ತಿಳಿಯಿತು. ಪುಸ್ತಿಕೆಗಳನ್ನು ವಾಪಸ್ ತರಿಸಿದರೆ ಕೋಶ ಮೂವತ್ತೆಂಟು ಶಾಲೆಗಳಿಗೆ ತಪ್ಪು ಹಂಚಿತು ಎಂದು ಕಡತದಲ್ಲಿ ಬರೆದಂತಾಗುತ್ತದೆ. ತರಿಸದಿದ್ದರೆ ವಾರ್ಷಿಕ ಪರೀಕ್ಷೆಯಲ್ಲಿ ಯಲ್ಲೇಶ ಜಿಲ್ಲೆಯ ತುಂಬ ಬರೆಯುತ್ತಾನೆ. ಪರೀಕ್ಷೆಗೆ ಐದು ವಾರ ಉಳಿದಿತ್ತು.

"ವಾಪಸ್ ತರಸೂದು ಬ್ಯಾಡ್ರಿ," ಎಂದರು ಬೇಗಂ. ಬರುವಾಗ ಬಸ್ಸಿನಲ್ಲೇ ಅವರು ಇದನ್ನು ಯೋಚಿಸಿಕೊಂಡಿದ್ದರು. "ಮಕ್ಕಳಿಗೆ ಒಂದ ಮಾತು ಹೇಳ್ರಿ. ಈ ಪುಸ್ತಕದಾಗ ಪ್ರತಿ ಪುಟಕ್ಕ ಒಂದು ತಪ್ಪು ಐತಿ, ದಪ್ಪ ಅಕ್ಷರದಾಗ ಐತಿ, ಅದು ಯಾಕ ತಪ್ಪು ಅಂತ ಹುಡುಕಿ ಬರೀರಿ ಅಂತ. ಆದ್ರ ಪುಟದ ಅನುಕ್ರಮ ಉಲ್ಟಾ ಮಾಡ್ರಿ. ನಲವತ್ತನೇ ಪುಟದಿಂದ ಒಂದನೇ ಪುಟಕ್ಕ ಬರ್ಲಿ. ಸುಲಭಾದದ್ದು ಹಿಂದ ಐತಿ."

ಶೈಲಾ ಪೆನ್ನಿನ ಕ್ಯಾಪು ಹಾಕಿ ತೆಗೆದರು.

ಮರುದಿನ ಎಲ್ಲ ಶಾಲೆಗಳಿಗೆ ಸುತ್ತೋಲೆ ಹೋಯಿತು: 'ಪುಸ್ತಿಕೆಯಲ್ಲಿನ ತಪ್ಪುಗಳನ್ನು ವಿದ್ಯಾರ್ಥಿಗಳ ವಿಮರ್ಶಾಶಕ್ತಿಯನ್ನು ಉದ್ದೀಪಿಸುವ ಸಲುವಾಗಿ ಉದ್ದೇಶಪೂರ್ವಕವಾಗಿ ಇರಿಸಲಾಗಿದೆ. ಪ್ರತಿ ಪುಟದಲ್ಲಿ ಒಂದು ತಪ್ಪಿದೆ. ಪತ್ತೆ ಹಚ್ಚಿ ಕಾರಣ ಬರೆಯಿರಿ.' ಪೂರ್ವಸಿದ್ಧತಾ ಪರೀಕ್ಷೆಯ ಎಂಟನೆಯ ಪ್ರಶ್ನೆಗೆ 'x = 7 ಎಂದು ಬರೆದವರಿಗೂ, x = 0 ಮತ್ತು 7 ಎಂದು ಬರೆದವರಿಗೂ ಪೂರ್ಣ ಅಂಕ ನೀಡತಕ್ಕದ್ದು' ಎಂದೂ ಇತ್ತು. ಸತ್ಯಕ್ಕೂ ಸುಳ್ಳಿಗೂ ಸಮಾನ ಅಂಕ ಕೊಟ್ಟು ಕೋಶ ನ್ಯಾಯ ಮಾಡಿತು. ಬೇಗಂ ಅವರ ನೋಟಿಸನ್ನು ಹಿಂತೆಗೆದುಕೊಳ್ಳಲಿಲ್ಲ. ಅದರ ಬದಲು, ಹಿಂದುಳಿದ ಮೂರು ಶಾಲೆಗಳಿಗೆ ಶನಿವಾರ ಹೋಗಿ ಮಾದರಿ ಪಾಠ ಕೊಡಬೇಕೆಂದು ಆದೇಶ ಬಂತು. ಅದು ಶಿಕ್ಷೆಯೋ ಗೌರವವೋ ಎಂದು ಆದೇಶದಲ್ಲಿ ಸ್ಪಷ್ಟವಿರಲಿಲ್ಲ.

ಮೊದಲ ಶಾಲೆ ಕಾಸೀಮಸಾಬರದು. ಹೊರಡುವ ಹಿಂದಿನ ದಿನ ಯಲ್ಲೇಶ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಸುದ್ದಿ ಅವನವರೆಗೂ ಮುಟ್ಟಿತ್ತು.

"ಅಕ್ಕೋರ, ಎಲ್ಲಾ ಊರಾಗ ನನ್ನ ಹೆಸರು ಹಾಕಿ ತಪ್ಪು ಬರದಾರಂತ ಖರೇನ್ರಿ?"

"ಖರೇ."

ಅವನ ಮೋರೆ ಕೆಂಪಗಾಯಿತು. "ನಾ ಆ ತಪ್ಪು ಆಮ್ಯಾಲೆ ಒಮ್ಮೆನೂ ಮಾಡಿಲ್ರಿ."

"ಗೊತ್ತೈತಿ. ಅದಕ್ಕ ನಾಳೆ ನೀನೂ ನನ್ನ ಜೋಡಿ ಬಾ. ಗುತ್ತೆವ್ವನ್ನೂ ಕರಿ. ನಾ ಹೇಳಿದ್ರ ಅವ್ರು ಬರಕೊಂತಾರ. ನೀವು ಹೇಳಿದ್ರ ನಂಬತಾರ."

ಕುಪ್ಪೇಲೂರು ಬಸ್ಸಿನಲ್ಲಿ ಗುತ್ತೆವ್ವ ದಾರಿಯುದ್ದಕ್ಕೂ ಬಾಯಲ್ಲೇ ಮಧ್ಯಪದ ಒಡೆಯುತ್ತ ಬಂದಳು. ಯಲ್ಲೇಶ ಕಿಟಕಿಯಾಚೆ ನೋಡುತ್ತ ಕೂತ. ಕಾಸೀಮಸಾಬರು ತಮ್ಮ ತರಗತಿಯ ಬಾಗಿಲಲ್ಲಿ ಇವರನ್ನು ನಿಲ್ಲಿಸಿ, ಮಕ್ಕಳ ಕಡೆ ತಿರುಗಿ ಹೇಳಿದರು: "ಇಂವ ಯಲ್ಲೇಶ."

ಐವತ್ತು ಮಕ್ಕಳು ಎದ್ದು ನಿಂತರು. ಮುಂದಿನ ಬೆಂಚಿನ ಒಬ್ಬ ಹುಡುಗ ನಮಸ್ಕಾರವನ್ನೂ ಮಾಡಿದ. ಹಿಂದಿನಿಂದ ಯಾರೋ, "ಅಂವ ಇನ್ನೂ ಬದುಕ್ಯಾನು?" ಎಂದು ಪಿಸುಗುಟ್ಟಿದರು.

ಯಲ್ಲೇಶ ಸೀಮೆಸುಣ್ಣ ತೆಗೆದುಕೊಂಡು x² = 7x ಬರೆದ.

"ನನ್ನ ದಾರಿ ತಪ್ಪು ಐತಿ," ಎಂದ. "ನಾ ಲಗೂ ಮುಗಿಸಿ ಕೈ ಎತ್ತಬೇಕಂತ x ದಿಂದ ಭಾಗಿಸಿದೆ. ನೀವು ನನ್ನ ಹೆಸರು ಬರದ್ರಿ, ಆದ್ರ ಉತ್ತರ ಹಾಕಿ ನೋಡ್ಲಿಲ್ಲ. ಈಗ ಸೊನ್ನೆ ಹಾಕ್ರಿ."

ಐವತ್ತು ತಲೆಗಳು ಬಾಗಿದವು. ಸ್ವಲ್ಪ ಹೊತ್ತಿಗೆ ಒಂದು ಹುಡುಗಿ ತಲೆ ಎತ್ತಿ, "ಹೊಂದ್ತೈತಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಸಿಟ್ಟು. "ಮತ್ತ ಪುಸ್ತಕದಾಗ ಯಾಕ ಇಲ್ಲ?"

ಕಾಸೀಮಸಾಬರು ಕಿಟಕಿಯ ಕಡೆ ನೋಡಿದರು. ಬೇಗಂ ಅವಳ ಪುಸ್ತಿಕೆಯನ್ನು ಎತ್ತಿ ತೋರಿಸಿದರು. "ಪುಸ್ತಕದಾಗ ಇನ್ನೂ ಮೂವತ್ತೊಂಬತ್ತು ತಪ್ಪು ಅದಾವ," ಎಂದರು. "ಕಡೇ ಪುಟದಿಂದ ಹೊಂಡ್ರಿ. ಯಾರು ಹುಡುಕ್ತೀರಿ ನೋಡೂಣು."

ಸರಕಾರಿ ಮುದ್ರೆಯಿರುವ ಪುಸ್ತಕದಲ್ಲಿ ತಪ್ಪು ಹುಡುಕುವ ಅಧಿಕಾರ ಆ ಮಕ್ಕಳಿಗೆ ಅಂದಿನವರೆಗೆ ಯಾರೂ ಕೊಟ್ಟಿರಲಿಲ್ಲ. ಅವರು ಆಸೆಬುರುಕರ ಹಾಗೆ ಅದರ ಮೇಲೆ ಬಿದ್ದರು. ನಲವತ್ತನೆಯ ಪುಟ, x² + 7x + 12 ಕ್ಕೆ ಕೂಡಿಸಿದರೆ ಹನ್ನೆರಡು ಎಂದುಕೊಂಡದ್ದು, ಒಂದೇ ನಿಮಿಷಕ್ಕೆ ಸಿಕ್ಕಿತು. ಚಿಹ್ನೆಯ ತಪ್ಪುಗಳು ಹತ್ತು ನಿಮಿಷಕ್ಕೆ. (x − 4)(x + 3) = 0 ಬರೆದು x = −4, 3 ಎಂದ ಪುಟಕ್ಕೆ ಜಗಳವೇ ಆಯಿತು; ಇಬ್ಬರು ಹುಡುಗರು ಬೆಲೆ ಹಾಕಿ ನೋಡಿ ತೀರ್ಮಾನ ಮಾಡಿಕೊಂಡರು. 2x² + 7x + 3 ಬಂದಾಗ ಎಲ್ಲರೂ ನಿಂತರು. ಗುತ್ತೆವ್ವ ಬೋರ್ಡಿಗೆ ಹೋಗಿ, ತನ್ನ ತಪ್ಪು ಸಾಲಿನ ಪಕ್ಕಕ್ಕೆ 2 × 3 = 6 ಎಂದಷ್ಟೇ ಬರೆದು ವಾಪಸ್ ಬಂದು ಕೂತಳು. ಅಷ್ಟು ಸಾಕಾಯಿತು. ಆದರೆ ಬಲಗಡೆ ಹತ್ತಿರುವ x(x − 3) = 10 ಅನ್ನು ಆ ದಿನ ಯಾರೂ ದಾಟಲಿಲ್ಲ. ಮುಂದಿನ ಶನಿವಾರ ಒಬ್ಬಳು, ಮೊದಲು ಬಿಡಿಸಿ ಎಡಕ್ಕೆ ತಂದು x² − 3x − 10 = 0 ಮಾಡಬೇಕೆಂದು ಹೇಳಿ, ಐದು ಮತ್ತು ಮೈನಸ್ ಎರಡನ್ನು ತಂದುಕೊಟ್ಟಳು. ಕೆಲವರು ಕೊನೆಯವರೆಗೂ ದಾಟಲಿಲ್ಲ. ಬೇಗಂ ಅವರನ್ನು ನಾಲ್ಕು ಮೆಟ್ಟಿಲು ಕೆಳಗಿಳಿಸಿ, ಅಲ್ಲಿಂದ ಬರುವ ಅಂಕವನ್ನಾದರೂ ಗಟ್ಟಿ ಮಾಡಿಕೊಳ್ಳಿರೆಂದರು.

ಏಪ್ರಿಲಿನಲ್ಲಿ ವಾರ್ಷಿಕ ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದಾಗ ಆ ಮೂವತ್ತೆಂಟು ಶಾಲೆಗಳಲ್ಲಿ ಗಣಿತ ಪಾಸಾದವರು ಹಿಂದಿನ ವರ್ಷಕ್ಕಿಂತ ಹೆಚ್ಚಿದ್ದರು. ಬಹಳವಲ್ಲ, ಆದರೆ ವರದಿ ಬರೆಯಲು ಸಾಕಾಗುವಷ್ಟು. ಯಲ್ಲೇಶ, ಗುತ್ತೆವ್ವ ಇಬ್ಬರೂ ಒಳ್ಳೆಯ ಅಂಕದಲ್ಲಿ ಪಾಸಾಗಿ ಕಾಲೇಜು ಸೇರಿದರು. ಕೋಶದ ವರದಿ 'ತಪ್ಪು ಶೋಧನಾ ಪದ್ಧತಿ: ಒಂದು ವಿನೂತನ ಪ್ರಯೋಗ' ಎಂಬ ಹೆಸರಿನಲ್ಲಿ ಹೊರಬಂತು. ವಿಜಯಮಹಾಂತೇಶರಿಗೆ ಹಾವೇರಿಯಲ್ಲಿ ಶಾಲು, ಹಾರ, ಫಲಕ. ಭಾಷಣದಲ್ಲಿ ಅವರು ತಪ್ಪುಗಳನ್ನು ಉದ್ದೇಶಪೂರ್ವಕವಾಗಿ ಇರಿಸಲು ಎಷ್ಟು ಧೈರ್ಯ ಬೇಕಾಯಿತೆಂದು ವಿವರಿಸಿದರು. ಬೇಗಂ ಅವರಿಗೆ ಆಮಂತ್ರಣ ಬಂದದ್ದು ಮರುದಿನ.

"ನಿಮಗ ಸಿಟ್ಟು ಬರಂಗಿಲ್ಲೇನ್ರಿ?" ಎಂದು ನಾಗಪ್ಪನವರು ಕೇಳಿದರು.

"ಬಂತ್ರಿ. ಎರಡು ದಿನ ಅಡಗಿಗೆ ಉಪ್ಪು ಹಾಕೂದ ಮರತೆ," ಎಂದರು ಬೇಗಂ. "ಮನ್ಯಾಗ ಎಲ್ಲಾರೂ ಸುಮ್ಕ ಉಂಡ್ರು."

ಪ್ರಶಸ್ತಿ ಬಂದ ಮೇಲೆ ಪುಸ್ತಿಕೆಗೆ ಎರಡನೆಯ ಮುದ್ರಣ ಅನಿವಾರ್ಯವಾಯಿತು. ಈ ಸಲ ಎಲ್ಲ ಶಾಲೆಗಳಿಗೂ ಬಂತು. ಹೊಸ ಹೆಸರು 'ತಪ್ಪು ಹುಡುಕಿರಿ'. ಬೇಗಂ ನಾಲ್ಕು ಪುಟ ನೋಡಿದರು, ಆಮೇಲೆ ಎಲ್ಲ ಪುಟ ನೋಡಿದರು. ಮೊದಲನೆಯ ಮುದ್ರಣದ ಅಪವಾದ ಮತ್ತೆ ಬರಬಾರದೆಂದು ಕೋಶ ಮೂವರು ಪರಿಣತರ ಸಮಿತಿ ಮಾಡಿ, ನಲವತ್ತು ಪುಟಗಳ ತಪ್ಪುಗಳನ್ನೂ ಒಂದೂ ಬಿಡದಂತೆ ತಿದ್ದಿಸಿತ್ತು.

ಸುತ್ತೋಲೆಯ ಸೂಚನೆ ಮಾತ್ರ ಹಾಗೆಯೇ ಇತ್ತು: 'ಪ್ರತಿ ಪುಟದಲ್ಲಿ ಒಂದು ತಪ್ಪಿದೆ. ಪತ್ತೆ ಹಚ್ಚಿ ಕಾರಣ ಬರೆಯಿರಿ.'

ಜಿಲ್ಲೆಯ ಮಕ್ಕಳು ವಾರಗಟ್ಟಲೆ ಹುಡುಕಿದರು. ಕೆಲವು ವಿಧೇಯರು ಸರಿಯುತ್ತರಗಳನ್ನು ಹೊಡೆದುಹಾಕಿ ಕಾರಣವನ್ನೂ ಬರೆದರು. ಕಾಸೀಮಸಾಬರು ಬೇಗಂ ಅವರಿಗೆ ಫೋನು ಮಾಡಿ, ತಮ್ಮ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು x = 0 ಅನ್ನು ತಪ್ಪೆಂದು ಪತ್ತೆ ಹಚ್ಚಿದ್ದಾರೆಂದು ತಿಳಿಸಿದರು. ಶಾಲೆಗಳಿಂದ ಮಾಹಿತಿ ತರಿಸಿಕೊಂಡ ಕೋಶ, ವಿದ್ಯಾರ್ಥಿಗಳ ತಪ್ಪು ಹುಡುಕುವ ಸಾಮರ್ಥ್ಯ ಒಂದೇ ವರ್ಷದಲ್ಲಿ ಆತಂಕಕಾರಿಯಾಗಿ ಕುಸಿದಿದೆ ಎಂದು ಕಂಡುಕೊಂಡಿತು. ಪರಿಹಾರವಾಗಿ ಹಾವೇರಿಯಲ್ಲಿ ಮೂರು ದಿನದ ಕಾರ್ಯಾಗಾರ ಗೊತ್ತುಮಾಡಿತು. ಊಟ ಇದೆ. ಗಣಿತ ಶಿಕ್ಷಕರು ಕಡ್ಡಾಯವಾಗಿ ಬರತಕ್ಕದ್ದು. ಸಾಂದರ್ಭಿಕ ರಜೆಯ ಮೇಲಿರುವವರಿಗೆ ಮಾತ್ರ ವಿನಾಯಿತಿ.

ಬೇಗಂ ಆ ಕೊನೆಯ ಸಾಲನ್ನು ಓದಿ, ಬಿಳಿ ಹಾಳೆ ತೆಗೆದುಕೊಂಡು ಮೂರು ದಿನದ ರಜಾ ಅರ್ಜಿ ಬರೆದರು. ನಾಗಪ್ಪನವರು ಸಹಿ ಮಾಡಿದರು.

ಕಾರ್ಯಾಗಾರ ಆರಂಭವಾದ ಸೋಮವಾರ ಹತ್ತೂವರೆಗೆ ಹತ್ತನೆಯ ತರಗತಿಯಿಂದ ಮಹಮೂದಾಬೇಗಂ ಅವರ ದನಿ ಕೇಳಿಸಿತು. ನಾಗಪ್ಪನವರು ವರಾಂಡದಲ್ಲಿ ನಡೆದುಹೋಗುತ್ತ, ರಜೆಯಲ್ಲಿರುವವರು ಕಾಣಿಸಬಾರದೆಂಬ ನಿಯಮಕ್ಕೆ ಸರಿಯಾಗಿ, ಅಂಗಳದ ಕಡೆ ಮುಖ ಮಾಡಿಕೊಂಡು ಮುಂದೆ ಹೋದರು. ಒಳಗೆ ಮಕ್ಕಳು (x + 2) ಅನ್ನು (x + 5) ರಿಂದ ಗುಣಿಸುತ್ತಿದ್ದರು.